ಸಹಾಯ ಬೇಕು: 30 ಸೆಕೆಂಡಿಗೆ ಸ್ಕ್ರಿಪ್ಟ್ ಇಳೀತಾ ಇಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ರೀಲ್ಸ್‌ಗೆ 30 ಸೆಕೆಂಡಿನ ವಿಡಿಯೋ ಮಾಡಬೇಕು. ವಿಷಯ ಇಷ್ಟೇ: ಚಾರ್ಜ್ ಆಗದ ಫೋನೆಲ್ಲ ಕೆಟ್ಟಿರುವುದಿಲ್ಲ. ಎಷ್ಟೋ ಸಲ ಚಾರ್ಜಿಂಗ್ ಪೋರ್ಟಿನೊಳಗೆ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದಿದ್ದರೆ ಅದೇ ಗುರುತು.

ಮೊದಲ ಸ್ಕ್ರಿಪ್ಟ್ ಓದಿದಾಗ 52 ಸೆಕೆಂಡ್ ಆಯ್ತು. ನಮಸ್ಕಾರ, ಅಂಗಡಿ ಹೆಸರು ತೆಗೆದೆ, 41ಕ್ಕೆ ಬಂತು. ಬೇಗ ಬೇಗ ಓದಿದರೆ ಬಸ್ ಕಂಡಕ್ಟರ್ ಊರು ಕೂಗಿದ ಹಾಗಿದೆ ಅಂತ ತಮ್ಮ ನಗ್ತಾನೆ.

ಈಗ ಹೀಗಿದೆ: ಸಡಿಲ ಕೇಬಲ್ 4 ಸೆಕೆಂಡ್. ಫೋನ್ ಆಫ್ ಮಾಡಿ ಪ್ಲಾಸ್ಟಿಕ್ ಕಡ್ಡಿಯಿಂದ ನೂಲಿನ ಉಂಡೆ ತೆಗೆಯುವುದು 14. ಚಾರ್ಜ್ ಹತ್ತುವುದು 5. ಕೊನೆಯ 18 ಸೆಕೆಂಡ್ ಎಚ್ಚರಿಕೆ: "ಮನೆಯಲ್ಲಿ ಸೂಜಿ ಹಾಕಬೇಡಿ, ಒಳಗಿನ ಪಿನ್ ಬಾಗಿದರೆ ಪೋರ್ಟೇ ಬದಲಿಸಬೇಕು."

ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಎಚ್ಚರಿಕೆ ಬಿಟ್ಟರೆ ಜನ ವಿಡಿಯೋ ನೋಡಿ ಸೂಜಿ ಹಿಡಿಯುತ್ತಾರೆ. ಸ್ಕ್ರೀನ್ ಮೇಲೆ ಬರೆದು ಹಾಕೋಣ ಅಂದ್ರೆ, ಇಲ್ಲಿ ಕನ್ನಡ ಮಾತಾಡಿದರೂ ಮಲಯಾಳ ಮಾತ್ರ ಓದುವವರೂ ಇದ್ದಾರೆ. ಎರಡು ಲಿಪಿ ಹಾಕಿದರೆ ಉಂಡೆಯೇ ಕಾಣಲ್ಲ!

ನೂಲು ತೆಗೆಯುವ ದೃಶ್ಯದ ಮೇಲೆಯೇ ಎಚ್ಚರಿಕೆ ಮಾತಾಡಲಾ, ಇಲ್ಲ ಅದನ್ನು ಬೇರೆ ವಿಡಿಯೋ ಮಾಡಲಾ? ಮಾಡಿ ನೋಡಿದವರು ಹೇಳಿ.