ಅಪ್‌ಡೇಟ್: 96.56 ಅಥವಾ 96.68 ಗೊಂದಲ ಬಗೆಹರಿಯಿತು

ನಾನು ಕೇಳಿದ್ದು: "100 ಕೆವಿಎ ಟ್ರಾನ್ಸ್‌ಫಾರ್ಮರ್. ಐರನ್ ಲಾಸ್ 1 ಕಿಲೋವ್ಯಾಟ್, ಫುಲ್ ಲೋಡ್ ಕಾಪರ್ ಲಾಸ್ 1.5 ಕಿಲೋವ್ಯಾಟ್. ಅರ್ಧ ಲೋಡ್, 0.8 ಪವರ್ ಫ್ಯಾಕ್ಟರ್‌ನಲ್ಲಿ ಎಫಿಶಿಯೆನ್ಸಿ ಎಷ್ಟು? ನನಗೆ 96.62 ಬರುತ್ತಿದೆ, ಆಯ್ಕೆಗಳಲ್ಲಿ 96.56 ಮತ್ತು 96.68 ಇವೆ."

ಉತ್ತರ 96.68. ಅರ್ಧ ಲೋಡ್‌ನಲ್ಲಿ ಕಾಪರ್ ಲಾಸ್ ಕಾಲು ಭಾಗ, ಅಂದರೆ 0.375. ಒಟ್ಟು ಲಾಸ್ 1.375, ಔಟ್‌ಪುಟ್ 40, ಇನ್‌ಪುಟ್ 41.375. ಇದನ್ನು 41.4 ಅಂತ ರೌಂಡ್ ಮಾಡಿದರೆ ಉತ್ತರ ಎರಡು ಆಯ್ಕೆಗಳ ಸರಿಯಾಗಿ ನಡುವೆ ಬಂದು ನಿಲ್ಲುತ್ತದೆ.

"ಹತ್ತಿರದ್ದನ್ನು ಟಿಕ್ ಮಾಡಿ" ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಎರಡೂ ಅಷ್ಟೇ ದೂರ ಅಲ್ವಾ? ಕೈ ಹಿಡಿದದ್ದು ಪೀಣ್ಯದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಅಣ್ಣ ಹೇಳಿದ ದಾರಿ: ಎಫಿಶಿಯೆನ್ಸಿಯನ್ನು ನೇರವಾಗಿ ಹುಡುಕಬೇಡ, ಲಾಸ್ ಶೇಕಡಾ ಎಷ್ಟು ಅಂತ ನೋಡು.

```
1.375 / 41.375 = 3.32%
100 - 3.32 = 96.68%
```

ಲಾಸ್ ಚಿಕ್ಕ ಸಂಖ್ಯೆ. ಹಾಗಾಗಿ ಇಲ್ಲಿ ಇನ್‌ಪುಟ್ ಅನ್ನು 41.4 ಅಂತ ಹಿಡಿದರೂ 3.32 ಬದಲಾಗುವುದಿಲ್ಲ.

96.56 ಎಲ್ಲಿಂದ ಬಂತು ಅನ್ನೋದೂ ತಿಳಿಯಿತು. ಲಾಸನ್ನು ಇನ್‌ಪುಟ್ ಬದಲು ಔಟ್‌ಪುಟ್‌ನಿಂದ ಭಾಗಿಸಿದರೆ 3.44 ಬರುತ್ತದೆ. ಆ ಆಯ್ಕೆ ಸುಮ್ನೆ ಇಟ್ಟದ್ದಲ್ಲ.

ಸ್ಲಿಪ್ ಪ್ರಶ್ನೆಯಲ್ಲೂ ಅದೇ ಬಲೆ. ಅಣ್ಣ ತೋರಿಸಿದ 4 ಪೋಲ್, 50 ಹರ್ಟ್ಸ್ ಮೋಟಾರಿನ ನೇಮ್‌ಪ್ಲೇಟ್‌ನಲ್ಲಿ 1440 ಆರ್‌ಪಿಎಂ ಅಂತಿತ್ತು. ಸಿಂಕ್ರೊನಸ್ ವೇಗ 1500, ವ್ಯತ್ಯಾಸ 60. 1500ರಿಂದ ಭಾಗಿಸಿದರೆ ಶೇ. 4, ಅದೇ ಸರಿ. 1440ರಿಂದ ಭಾಗಿಸಿದರೆ 4.17. ಆಯ್ಕೆಗಳಲ್ಲಿ 4 ಮತ್ತು 4.17 ಎರಡೂ ಕಂಡರೆ ಮೊದಲು ಛೇದವನ್ನು ನೋಡಿ.