ಪದ ಬೇಕಿದೆ: ಎರಡು ಪಾಯಿಂಟರ್ ನಡುವಿನ ‘ವಿಂಡೋ’ಗೆ ಏನನ್ನೋಣ?

ಮೈಸೂರಿನಿಂದ

ನಮಸ್ಕಾರ. ಕಾಲೇಜು ಮಕ್ಕಳಿಗಾಗಿ ಒಂದು ಅಲ್ಗಾರಿದಮ್ ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಉದ್ದನೆಯ ಅಕ್ಷರಸಾಲು ಇರುತ್ತದೆ. ಕೇಳಿದ ಅಕ್ಷರಗಳೆಲ್ಲ ಕೇಳಿದಷ್ಟು ಸಲ ಸಿಗುವ ಅತಿ ಚಿಕ್ಕ ತುಂಡನ್ನು ಅದರಲ್ಲಿ ಹುಡುಕಬೇಕು. ಆ ತುಂಡಿಗೆ ‘ಕಿಟಕಿ’ ಎಂದು ಹಾಕಿದ್ದೇನೆ. ನಡೆಯುತ್ತಾ? ಅದರ ಎಡ ಬಲ ತುದಿ ಹಿಡಿದಿರುವ ಪಾಯಿಂಟರ್‌ಗಳಿಗೆ ಏನನ್ನಲಿ?

ಧಾರವಾಡದಿಂದ

ಕಿಟಕಿ ಬೇಡ. ಅದು ‘ಖಿಡಕಿ’ಯಿಂದ ಬಂದದ್ದು. ಗವಾಕ್ಷಿಯೂ ಬೇಡ, ಗೋವಿನ ಅಕ್ಷಿ, ಪೂರ್ತಿ ಸಂಸ್ಕೃತ. ನಮ್ಮದೇ ‘ಕಿಂಡಿ’ ಇದೆ. ಉಡುಪಿಯ ಕನಕನ ಕಿಂಡಿ ಯಾರಿಗೆ ಗೊತ್ತಿಲ್ಲ? ‘ಕಿರುಗಿಂಡಿ’ ಎಂದು ಬರೆಯಿರಿ. ಮುಗೀತು.

ಬೆಂಗಳೂರಿನಿಂದ

ಮುಗಿದಿಲ್ಲ ಸರ್. ಕಿಂಡಿಯ ಅಳತೆ ಬದಲಾಗುವುದಿಲ್ಲ. ಇಲ್ಲಿ ತುಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಪದ ಆರಿಸುವ ಮೊದಲು ಅದು ಮಾಡುವ ಕೆಲಸ ನೋಡೋಣ.

ಸಾಲು ‘ಕಮಲರಕನಕಲಸ’. ಬೇಕಾದದ್ದು ಎರಡು ಕ, ಒಂದು ಲ. ಬಲತುದಿ ಒಂದೊಂದೇ ಅಕ್ಷರ ಮುಂದೆ ಹೋಗುತ್ತದೆ. ‘ಕಮಲರಕ’ ತನಕ ಬಂದಾಗ ಎಲ್ಲ ಸಿಕ್ಕಿತು, ಉದ್ದ 5. ಈಗ ಎಡತುದಿಯ ಸರದಿ. ಮೊದಲ ಕ ಬಿಟ್ಟ ಕೂಡಲೇ ಒಂದು ಕ ಕಡಿಮೆಯಾಯಿತು. ಅಲ್ಲಿಗೆ ಎಡತುದಿ ನಿಲ್ಲುತ್ತದೆ, ಬಲತುದಿ ಮತ್ತೆ ಹೊರಡುತ್ತದೆ. ಮುಂದಿನ ಕ ಸಿಕ್ಕಾಗ ‘ಮಲರಕನಕ’. ಮ ಬಿಟ್ಟರೆ ‘ಲರಕನಕ’, ಮತ್ತೆ 5, ಲಾಭವಿಲ್ಲ. ಲ ಬಿಟ್ಟರೆ ಕೊರತೆ. ಬಲಕ್ಕೆ ಇನ್ನೊಂದು ಲ ಸಿಕ್ಕಿತು: ‘ರಕನಕಲ’. ರ ಬಿಟ್ಟರೂ ಕೊರತೆಯಿಲ್ಲ. ಉತ್ತರ ‘ಕನಕಲ’, ಉದ್ದ 4.

ಎರಡು ತುದಿಯೂ ಹಿಂದಕ್ಕೆ ಬರುವುದೇ ಇಲ್ಲ. ಪ್ರತಿ ಅಕ್ಷರ ಹೆಚ್ಚೆಂದರೆ ಒಂದು ಸಲ ಒಳಗೆ ಬರುತ್ತದೆ, ಒಂದು ಸಲ ಹೊರಗೆ ಹೋಗುತ್ತದೆ. ಹಾಗಾಗಿಯೇ ಇದು ಬೇಗ ಮುಗಿಯುವುದು. ನನ್ನ ಮಾತು ಕೇಳಿದರೆ ‘ಹರವು’ ಎನ್ನಿ. ಪಾಯಿಂಟರ್‌ಗೆ ‘ಎಡತುದಿ’, ‘ಬಲತುದಿ’ ಸಾಕು.

ಶಿವಮೊಗ್ಗದಿಂದ

ಹರವು ಚೆನ್ನಾಗಿದೆ. ಆದರೆ ಉತ್ತರ ‘ಕಲ’ ಅಲ್ವಾ? ಎರಡೇ ಅಕ್ಷರದಲ್ಲಿ ಕ, ಲ ಎರಡೂ ಬಂದವು. ಸುಮ್ನೆ ಯಾಕೆ ಉದ್ದ ಮಾಡುತ್ತೀರಿ?

ಬೆಂಗಳೂರಿನಿಂದ

ಎರಡು ಕ ಕೇಳಿದ್ದೆ. ಯಾವ ಅಕ್ಷರ ಇದೆ ಎಂಬುದಷ್ಟೇ ಸಾಲದು, ಎಷ್ಟಿದೆ ಎಂಬುದೂ ಬೇಕು. ಕೋಡಿನಲ್ಲಿ ಜನ ಜಾಸ್ತಿ ಎಡವುವುದೂ ಎಣಿಕೆಯಲ್ಲೇ. `have` ಸಿಕ್ಕ ಎಣಿಕೆ, `need` ಬೇಕಾದ ಎಣಿಕೆ. ಎಷ್ಟು ಬಗೆಯ ಅಕ್ಷರ ಬೇಕಾದಷ್ಟು ಸಿಕ್ಕಿತು ಎಂಬುದು `done`; ಇಲ್ಲಿ ಕ, ಲ ಸೇರಿ 2 ಆದರೆ ಎಲ್ಲ ಸಿಕ್ಕಂತೆ.

```python
have[c] += 1
if have[c] == need[c]:
    done += 1
```

ಇಲ್ಲಿ `==` ಬದಲು `>=` ಹಾಕಿದರೆ ‘ಕಕಕ’ದ ಮೂರನೇ ಕ ಬಂದಾಗ `done` ಇನ್ನೊಮ್ಮೆ ಏರಿ 2 ಆಗುತ್ತದೆ. ಲ ಇಲ್ಲದೆಯೇ ಎಲ್ಲ ಸಿಕ್ಕಿತು ಎನ್ನುತ್ತದೆ. ಉತ್ತರದಲ್ಲಿ ಬೇಕಾದ ಅಕ್ಷರವೇ ಇಲ್ಲದಿದ್ದರೆ ಮೊದಲು ಈ ಸಾಲು ನೋಡಿ.

ಮಂಗಳೂರಿನಿಂದ

ನೀವು ಕಿಂಡಿಗೆ ಜಗಳ ಆಡುತ್ತಿದ್ದೀರಿ. ನನ್ನ ತಕರಾರು ‘ಅಕ್ಷರ’ದ ಮೇಲೆ. ನಾನು ಪದಬಂಧ ಮಾಡುವವಳು. ಇದೇ ಲೆಕ್ಕವನ್ನು ‘ಕನ್ನಡ’ ಪದದ ಮೇಲೆ ಓಡಿಸಿ, ಒಂದು ನ, ಒಂದು ಡ ಕೇಳಿದೆ. ‘ನಡ’ ಎಂಬ ಉತ್ತರ ಬಂತು! ಆ ಪದದಲ್ಲಿ ‘ನಡ’ ಎಲ್ಲಿದೆ?

ಬೆಂಗಳೂರಿನಿಂದ

ಒತ್ತಿನಲ್ಲಿದೆ, ಮೇಡಂ. ಯಂತ್ರಕ್ಕೆ ‘ಕನ್ನಡ’ ಎಂದರೆ ಐದು ಸಂಕೇತ: ಕ, ನ, ವಿರಾಮ, ನ, ಡ. ವಿರಾಮವೆಂದರೆ ವ್ಯಂಜನದ ಸ್ವರ ತೆಗೆಯುವ ಗುರುತು. ಕೊನೆಯ ಎರಡನ್ನು ಕತ್ತರಿಸಿದರೆ ನಕಾರದ ಒತ್ತು ಬಿಡಿ ನ ಆಗಿ ತೆರೆಯ ಮೇಲೆ ಬರುತ್ತದೆ. ಹರವು ವಿರಾಮದಿಂದಲೇ ಶುರುವಾದರೆ ಚುಕ್ಕಿ ವೃತ್ತ ಕಾಣಬಹುದು. ಆದ್ದರಿಂದ ಸಾಲನ್ನೂ ಕೇಳಿಕೆಯನ್ನೂ ಮೊದಲೇ ಪೂರ್ತಿ ಅಕ್ಷರಗಳ ಪಟ್ಟಿಯಾಗಿ ಒಡೆದುಕೊಳ್ಳಿ: ಕ, ನ್ನ, ಡ. ವಿರಾಮವನ್ನೂ ಅದರ ನಂತರ ಬರುವ ವ್ಯಂಜನವನ್ನೂ ಹಿಂದಿನ ಅಕ್ಷರಕ್ಕೆ ಸೇರಿಸಿ. ತುದಿಗಳು ಆ ಪಟ್ಟಿಯ ಮೇಲೆ ಓಡಲಿ. ಆಗ ಬಿಡಿ ನ ಇಲ್ಲವೇ ಇಲ್ಲ, ಉತ್ತರವೂ ಇಲ್ಲ.

ಮಂಗಳೂರಿನಿಂದ

ಹಾಗಾದರೆ ‘ನ್ನ’ದಲ್ಲಿ ನ ಇಲ್ಲವೇ? ಮಕ್ಕಳು ಕೇಳಿದರೆ ಎರಡು ಇದೆ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ.

ಧಾರವಾಡದಿಂದ

ಅಕ್ಷರ, ವಿರಾಮ, ಸಂಕೇತ, ಎಲ್ಲ ಸಂಸ್ಕೃತ. ಇಷ್ಟು ಹೊತ್ತು ಒಬ್ಬರೂ ಅಕ್ಷರಕ್ಕೆ ‘ಬರಿಗೆ’ ಎನ್ನಲಿಲ್ಲ.

ಬೆಂಗಳೂರಿನಿಂದ

‘ಅಕ್ಷರ’ವನ್ನೂ ಬಿಟ್ಟರೆ ಪಾಠ ಯಾರಿಗೆ ಅರ್ಥವಾಗುತ್ತದೆ? ಬಂದ ಪದ ಊರಿನ ಪದವೇ ಆಗಿದೆ. ಕಿಟಕಿಯೂ ಅಷ್ಟೇ.

ಮೈಸೂರಿನಿಂದ

‘ಹರವು’, ‘ಎಡತುದಿ’, ‘ಬಲತುದಿ’ ಎಂದು ಹಾಕುತ್ತಿದ್ದೇನೆ. ‘ಕನ್ನಡ’ದ ಉದಾಹರಣೆಯನ್ನೂ ಸೇರಿಸುತ್ತೇನೆ. ಒತ್ತಿನೊಳಗಿನ ನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ರಾತ್ರಿ ಹತ್ತರೊಳಗೆ ಯಾರಾದರೂ ಹೇಳಿ.