ಕೆಲಸ ಸೂಪರಿಂಟೆಂಡೆಂಟ್‌ದು, ಸಂಬಳ ಎಫ್‌ಡಿಎದು

ಪ್ರಶ್ನೆ: ನಾನು ರಾಜ್ಯ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಸೂಪರಿಂಟೆಂಡೆಂಟ್ ನಿವೃತ್ತರಾಗಿ ಎರಡು ವರ್ಷವಾಯ್ತು. ಅಂದಿನಿಂದ ಅವರ ಕೆಲಸವೆಲ್ಲ ನನ್ನ ತಲೆ ಮೇಲೆ. ಬಡ್ತಿಯೂ ಇಲ್ಲ, ಒಂದು ರೂಪಾಯಿ ಜಾಸ್ತಿಯೂ ಇಲ್ಲ. ದಾರಿ ಏನಿದೆ ಸರ್?

ಒಬ್ಬ ಸದಸ್ಯರು: ಎರಡು ವರ್ಷ ಮಾಡಿದ್ದೀರಿ, ಇನ್ನೇನು, ಹುದ್ದೆ ನಿಮ್ಮದೇ! ಮೇಲಿನ ಕೆಲಸಕ್ಕೆ ಮೇಲಿನ ಸಂಬಳ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಬಡ್ತಿಯನ್ನೇ ಕೇಳಿ.

ಸೇವಾ ಪ್ರಕರಣಗಳ ವಕೀಲರು: ಸಂಬಳದ ಮಾತು ಮುಕ್ಕಾಲು ಸರಿ, ಬಡ್ತಿಯದು ತಪ್ಪು. ಪ್ರಭಾರದಲ್ಲಿ ಎಷ್ಟು ವರ್ಷ ಕೂತರೂ ಅದು ಬಡ್ತಿ ಆಗುವುದಿಲ್ಲ. ಬಡ್ತಿ ಕೇಳಿದರೆ ಜ್ಯೇಷ್ಠತಾ ಪಟ್ಟಿ ತೋರಿಸಿ ವಾಪಸ್ ಕಳಿಸುತ್ತಾರೆ. ಮಾಡಿದ ಕೆಲಸದ ಹಣ ಕೇಳಿ. ಅದಿರಲಿ, ಪ್ರಭಾರದ ಆದೇಶ ಕೈಯಲ್ಲಿದೆಯಾ?

ಪ್ರಶ್ನೆ ಕೇಳಿದವರು: ಮೊದಲ ಐದು ತಿಂಗಳು ಬಾಯಿಮಾತು. ಆಮೇಲೆ ಆದೇಶ ಕೊಟ್ಟರು. ಕೊನೆಯಲ್ಲಿ ‘ಹೆಚ್ಚುವರಿ ಭತ್ಯೆಗೆ ಅರ್ಹರಲ್ಲ’ ಅಂತ ಒಂದು ಸಾಲು ಸೇರಿಸಿದ್ದಾರೆ.

ವಕೀಲರು: ಆ ಸಾಲು ನೋಡಿಯೇ ಅರ್ಧ ಜನ ಸುಮ್ಮನಾಗುತ್ತಾರೆ. 1998ರ ಹರಿ ಓಂ ಶರ್ಮಾ ಪ್ರಕರಣದಲ್ಲಿ, ಮೇಲಿನ ಹುದ್ದೆಯ ಸಂಬಳ ಕೇಳುವುದಿಲ್ಲ ಅಂತ ನೌಕರ ಬರೆದುಕೊಟ್ಟಿದ್ದರೂ ಅದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದೇ ವರ್ಷ ಸೆಲ್ವರಾಜ್ ಪ್ರಕರಣದಲ್ಲಿ, ಬಡ್ತಿ ಸಿಗದೆ ಮೇಲಿನ ಹುದ್ದೆಯ ಕೆಲಸ ಮಾಡಿದ ಅಂಡಮಾನಿನ ಶಿಕ್ಷಕರೊಬ್ಬರಿಗೆ ಆ ಅವಧಿಯ ವ್ಯತ್ಯಾಸದ ಹಣ ಕೊಡಿಸಿತು.

ಆದರೆ ಇಲ್ಲೊಂದು ತೊಡಕಿದೆ. ರಾಜ್ಯ ನೌಕರರ ಸೇವಾ ನಿಯಮಾವಳಿ ಕೆಸಿಎಸ್‌ಆರ್‌ನ ನಿಯಮ 32ರಡಿ ಪ್ರಭಾರ ಕೊಟ್ಟಿದ್ದರೆ, ‘ನಿಯಮ 68ರ ಪ್ರಭಾರ ಭತ್ಯೆ ಅಷ್ಟೇ, ಪೂರ್ತಿ ವ್ಯತ್ಯಾಸ ಇಲ್ಲ’ ಎಂದು ಇಲಾಖೆ ವಾದಿಸುತ್ತದೆ. ಹಾಗಾಗಿ ಮನವಿಯಲ್ಲಿ ಎರಡನ್ನೂ ಕೇಳಿ: ವ್ಯತ್ಯಾಸ ಕೊಡಿ, ಅದಾಗದಿದ್ದರೆ ಭತ್ಯೆಯನ್ನಾದರೂ ಕೊಡಿ.

ಬಾಯಿಮಾತಿನ ಐದು ತಿಂಗಳಿಗೆ ಕಾಗದ ಹುಡುಕಬೇಕು. ‘ಪ್ರಭಾರ ಅಧೀಕ್ಷಕರು’ ಅಂತ ನೀವು ಸಹಿ ಹಾಕಿದ ಟಿಪ್ಪಣಿ, ನಿಮ್ಮ ಹೆಸರಿಗೆ ಬಂದ ಮೆಮೊ, ಹಾಜರಿ ಪುಸ್ತಕದಲ್ಲಿ ಮೇಲ್ವಿಚಾರಕರ ಜಾಗದ ಸಹಿ. ಕಡತ ಬೇರೆ ಕೈಗೆ ಹೋಗುವ ಮೊದಲೇ ಆರ್‌ಟಿಐನಲ್ಲಿ ದೃಢೀಕೃತ ಪ್ರತಿ ತೆಗೆದುಕೊಳ್ಳಿ.

ಇನ್ನೊಬ್ಬರು: ನಾನೂ ಎರಡು ವರ್ಷದಿಂದ ಟೀಮ್ ಲೀಡ್ ಕೆಲಸ ಮಾಡ್ತಿದ್ದೇನೆ. ಖಾಸಗಿ ಕಂಪನಿ. ನಾನೂ ಕೆಎಟಿಗೆ ಹೋಗಬಹುದಾ?

ವಕೀಲರು: ಇಲ್ಲ, ಕೆಎಟಿ ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅದು ಸರ್ಕಾರಿ ನೌಕರರಿಗೆ. ನಿಮ್ಮದು ನೇಮಕಾತಿ ಪತ್ರದ ಮೇಲೆ ನಿಂತಿದೆ, ಬೇರೆ ಪ್ರಶ್ನೆ ಹಾಕಿ.

ಪ್ರಶ್ನೆ ಕೇಳಿದವರು: ಮನವಿಗೆ ಉತ್ತರವೇ ಬರದಿದ್ದರೆ?

ವಕೀಲರು: ಜನವರಿ 10ಕ್ಕೆ ಕೊಟ್ಟಿರಿ ಅಂದುಕೊಳ್ಳಿ. ಸ್ವೀಕೃತಿ ಮುದ್ರೆ ಮರೆಯಬೇಡಿ. ಜುಲೈ 10ರವರೆಗೆ ಕಾಯಿರಿ. ಅಲ್ಲಿಂದ ಒಂದು ವರ್ಷದೊಳಗೆ ಕೆಎಟಿಗೆ ಅರ್ಜಿ ಹಾಕಬೇಕು. ನೆನಪೋಲೆ ಕಳಿಸುತ್ತಾ ಕೂತರೆ ಅವಧಿ ಬೆಳೆಯುವುದಿಲ್ಲ. ತಡವಾದಷ್ಟೂ ಹಳೇ ಬಾಕಿ ಕೈಬಿಡುವ ಅಪಾಯ ಜಾಸ್ತಿ.

ಅಂದಹಾಗೆ, ಆ ಆದೇಶಕ್ಕೆ ಸಹಿ ಹಾಕಿದ್ದು ಯಾರು? ಪ್ರಭಾರ ಕೊಡುವ ಅಧಿಕಾರ ಅವರಿಗಿತ್ತಾ?

ಪ್ರಶ್ನೆ ಕೇಳಿದವರು: ಅವರೂ ಪ್ರಭಾರದಲ್ಲೇ ಇದ್ದರು ಸರ್.

ವಕೀಲರು: ಹಾಗಾದರೆ ಮೊದಲು ಅವರ ಆದೇಶದ ಪ್ರತಿಯನ್ನೂ ತರಿಸಿ. ಅದನ್ನು ನೋಡದೆ ಮುಂದಿನದು ಹೇಳಲಾರೆ.